ಹೆಪಟೈಟಿಸ್ ಬಿ ರಿಪೋರ್ಟ್: ಒಂದೇ ಸಾಲು ಓದಿ ನಿರ್ಧರಿಸಬೇಡಿ



ನಾನು ಹೃದಯದ ಡಾಕ್ಟರು. ಹಾಗಿದ್ದೂ ಇವತ್ತು ಲಿವರ್ ವಿಷಯ ಬರೆಯುತ್ತಿದ್ದೇನೆ. ಆಂಜಿಯೋಗ್ರಾಂ, ಬೈಪಾಸ್, ಮೂಳೆ ಆಪರೇಷನ್, ಹೆರಿಗೆ, ಹೀಗೆ ಯಾವುದಕ್ಕೇ ಆಸ್ಪತ್ರೆಗೆ ಸೇರಿದರೂ ಮೊದಲು ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೇ ಎಂದು ನೋಡುತ್ತಾರೆ. ಹಾಗಾಗಿ ಎಷ್ಟೋ ಜನರಿಗೆ ತಮ್ಮ ಲಿವರ್‌ನ ಸುದ್ದಿ ಮೊದಲು ತಿಳಿಯುವುದು ನಮ್ಮಂಥವರ ಟೇಬಲ್ ಮೇಲೆ. ರಿಪೋರ್ಟಿನಲ್ಲಿ ‘ಪಾಸಿಟಿವ್’ ಎಂದು ಕಂಡ ಅರ್ಧ ಗಂಟೆಯಲ್ಲಿ ಅದು ಊರಿನ ಫ್ಯಾಮಿಲಿ ಗುಂಪಿಗೆ ಹೋಗಿರುತ್ತದೆ, ಸಂಜೆಯೊಳಗೆ ಹತ್ತು ಸಲಹೆ ಬಂದಿರುತ್ತವೆ. ಆ ಹತ್ತೂ ಸಲಹೆಗಳು ಒಂದೇ ಸಾಲನ್ನು ಓದಿ ಕೊಟ್ಟವು. ಹೆಪಟೈಟಿಸ್ ಬಿ ರಿಪೋರ್ಟನ್ನು ಒಂದು ಸಾಲಿನಿಂದ ಓದಲು ಬರುವುದಿಲ್ಲ. ಮೂರು ಸಾಲು ಒಟ್ಟಿಗೆ ಇಟ್ಟು ಓದಬೇಕು.

*ಆ ಮೂರು ಸಾಲು ಯಾವುವು?*

ಮೊಬೈಲಿಗೆ ಬರುವ ರಿಪೋರ್ಟಿನಲ್ಲಿ ಅವು HBsAg, Anti-HBs, Anti-HBc ಎಂದು ಕಾಣುತ್ತವೆ. ನೋಡಲು ಒಂದೇ ತರಹ, ಅರ್ಥ ಮಾತ್ರ ಬೇರೆ ಬೇರೆ. ನೆನಪಿಡಲು ಒಂದು ತೆಂಗಿನಕಾಯಿಯನ್ನು ಮನಸ್ಸಿಗೆ ತಂದುಕೊಳ್ಳಿ. ಈ ವೈರಸ್ಸಿಗೂ ಹೊರಗೊಂದು ಸಿಪ್ಪೆ, ಒಳಗೊಂದು ತಿರುಳು ಇದೆ. ಎಸ್ ಎಂದರೆ ಸಿಪ್ಪೆ, ಸಿ ಎಂದರೆ ತಿರುಳು.

ಮೊದಲನೆಯ ಸಾಲು ವೈರಸ್ಸಿನ ಸಿಪ್ಪೆ ಈಗ ರಕ್ತದಲ್ಲಿ ಇದೆಯೇ ಎಂದು ಹೇಳುತ್ತದೆ. ಹಳೆಯ ಡಾಕ್ಟರುಗಳು, ಕೆಲವು ಲ್ಯಾಬಿನವರು ಇದನ್ನು ಇಂದಿಗೂ ‘ಆಸ್ಟ್ರೇಲಿಯಾ ಆಂಟಿಜೆನ್’ ಎನ್ನುವುದುಂಟು. 1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ ಇದನ್ನು ಮೊದಲು ಕಂಡದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ, ಹಾಗಾಗಿ ಆ ಹೆಸರು. ಈ ಸಾಲು ಪಾಸಿಟಿವ್ ಆದರೆ ವೈರಸ್ ಈಗ ದೇಹದಲ್ಲಿದೆ ಎಂದು ಅರ್ಥ. ಆದರೆ ಅದು ಹೋದ ತಿಂಗಳು ಬಂದದ್ದೋ, ಹುಟ್ಟಿದಾಗಿನಿಂದ ಇರುವುದೋ ಎಂದು ಈ ಸಾಲು ಹೇಳುವುದಿಲ್ಲ.

ಎರಡನೆಯ ಸಾಲು ಆ ಸಿಪ್ಪೆಯ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯ. ಇದು ರಕ್ಷಣೆಯ ಗುರುತು. ಇದನ್ನು ಅಂಕಿಯಲ್ಲಿ ಕೊಡುತ್ತಾರೆ. 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ ಎಂದು ಲೆಕ್ಕ. ಇಲ್ಲಿ ‘ಪಾಸಿಟಿವ್’ ಎಂದಿದ್ದರೆ ಅದು ಒಳ್ಳೆಯ ಸುದ್ದಿ. ಇದನ್ನೇ ಕಾಯಿಲೆ ಎಂದು ತಿಳಿದು ಅಳುತ್ತಾ ಬಂದವರನ್ನು ನೋಡಿದ್ದೇನೆ.

ಮೂರನೆಯ ಸಾಲು ತಿರುಳಿನ ವಿರುದ್ಧದ ಪ್ರತಿಕಾಯ. ಲಸಿಕೆ ಮತ್ತು ಸೋಂಕು ಎರಡರ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಹೆಪಟೈಟಿಸ್ ಬಿ ಲಸಿಕೆಯಲ್ಲಿ ಸಿಪ್ಪೆ ಮಾತ್ರ ಇರುತ್ತದೆ, ತಿರುಳು ಇರುವುದೇ ಇಲ್ಲ. ಹಾಗಾಗಿ ಎಷ್ಟು ಲಸಿಕೆ ಹಾಕಿಸಿಕೊಂಡರೂ ಈ ಸಾಲು ಪಾಸಿಟಿವ್ ಆಗದು. ಪಾಸಿಟಿವ್ ಇದ್ದರೆ ಆ ದೇಹ ಎಂದೋ ಒಮ್ಮೆ ಇಡೀ ವೈರಸ್ಸನ್ನೇ ಎದುರಿಸಿದೆ. ಇದರಲ್ಲಿ ಎರಡು ಬಗೆ. ‘ಐಜಿಎಂ’ ಎಂಬುದು ಹೊಸ ಸೋಂಕಿನ ಗುರುತು, ಸಾಮಾನ್ಯವಾಗಿ ಆರು ತಿಂಗಳಲ್ಲಿ ಇಳಿದುಹೋಗುತ್ತದೆ. ‘ಟೋಟಲ್’ ಎಂಬುದು ಹೊಸದು ಹಳೆಯದು ಎರಡನ್ನೂ ಸೇರಿಸಿ ತೋರಿಸುತ್ತದೆ, ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

*ಒಂದೇ ಮನೆ, ನಾಲ್ಕು ಉತ್ತರ*

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕುಟುಂಬದ ರಿಪೋರ್ಟುಗಳಲ್ಲೇ ನೋಡೋಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸಾಗರದ ಕಡೆಯವರು, ಪುಣೆಗೆ ಬಂದು ಇಪ್ಪತ್ತೈದು ವರ್ಷವಾಗಿದೆ. ಯಜಮಾನರಿಗೆ 51 ವರ್ಷ. ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತಿತ್ತು. ಆಂಜಿಯೋಗ್ರಾಂ ಮಾಡಬೇಕೆಂದು ನಿಗದಿಯಾಯಿತು. ಅದಕ್ಕೂ ಮುಂಚಿನ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂತು. ಕಾಮಾಲೆ ಇಲ್ಲ, ಹಸಿವು ಚೆನ್ನಾಗಿದೆ, ಲಿವರ್‌ನ ಎಸ್‌ಜಿಪಿಟಿ 38, ಅಂದರೆ ನಾರ್ಮಲ್.

ಆ ಸಂಜೆಯೇ ಊರಿನಿಂದ ಅವರ ಬಾಮೈದನ ಫೋನು. “ಭಾವ, ಹೆದರ್ಬೇಡಿ. ನಂಗೂ ಇದೇ ಬಂದಿತ್ತಲ್ಲ, ಫೆಬ್ರವರೀಲಿ. ಇಲ್ಲಿ ಕಾಮಾಲೆ ಔಷಧಿ ಕೊಡ್ತಾರೆ, ಪಥ್ಯ ಮಾಡ್ದೆ, ಐದು ತಿಂಗಳಲ್ಲಿ ನೆಗೆಟಿವ್ ಆಯ್ತು. ಅಲ್ಲಿಯವ್ರ ಮಾತ್ರೆ ತಗೋಬೇಡಿ, ಮೊದ್ಲು ಊರಿಗೆ ಬನ್ನಿ” ಎಂದರು. ಯಜಮಾನರು ಆಂಜಿಯೋಗ್ರಾಂ ಮುಂದಕ್ಕೆ ಹಾಕಿ ಊರಿಗೆ ಹೊರಡಲು ಟಿಕೆಟ್ ನೋಡುತ್ತಿದ್ದರು.

ಬಾಮೈದ ಸುಳ್ಳು ಹೇಳಿರಲಿಲ್ಲ. ಅವರಿಗೆ 38 ವರ್ಷ. ಅವರ ರಿಪೋರ್ಟುಗಳನ್ನು ಫೋನಿನಲ್ಲಿ ತರಿಸಿ ನೋಡಿದೆ. ಫೆಬ್ರವರಿಯಲ್ಲಿ ಕಣ್ಣು ಹಳದಿ, ವಾಂತಿ, ಎಸ್‌ಜಿಪಿಟಿ 1,460. ಸಿಪ್ಪೆ ಪಾಸಿಟಿವ್, ತಿರುಳಿನ ಐಜಿಎಂ ಪಾಸಿಟಿವ್. ಅವರ ಹಳೆಯ ರಿಪೋರ್ಟುಗಳಲ್ಲಿ ಹೆಪಟೈಟಿಸ್ ಬಿ ನೆಗೆಟಿವ್ ಎಂದೇ ಇತ್ತು. ಇದು ಹೊಸ ಸೋಂಕು, ನಾವು ‘ಅಕ್ಯೂಟ್’ ಎನ್ನುವುದು. ಜುಲೈನಲ್ಲಿ ಸಿಪ್ಪೆ ನೆಗೆಟಿವ್, ಸಿಪ್ಪೆಯ ವಿರುದ್ಧದ ಪ್ರತಿಕಾಯ 68. ಪೂರ್ತಿ ಗುಣ.

ಯಜಮಾನರ ಉಳಿದ ಸಾಲುಗಳನ್ನೂ ಮಾಡಿಸಿದೆವು. ಮೊದಲ ಪರೀಕ್ಷೆ ಕಾರ್ಡಿನ ಮೇಲೆ ಮಾಡಿದ್ದು. ಕಾರ್ಡ್ ಪರೀಕ್ಷೆ ಕೆಲವೊಮ್ಮೆ ತಪ್ಪುವುದರಿಂದ ಮೆಷಿನ್‌ನಲ್ಲಿ ಮತ್ತೆ ನೋಡಿ ಖಚಿತಪಡಿಸಿಕೊಂಡೆವು. ಸಿಪ್ಪೆ ಪಾಸಿಟಿವ್. ಸಿಪ್ಪೆಯ ಪ್ರತಿಕಾಯ ಇಲ್ಲ. ತಿರುಳಿನ ಟೋಟಲ್ ಪಾಸಿಟಿವ್, ಐಜಿಎಂ ಮಾತ್ರ ನೆಗೆಟಿವ್. ಅಂದರೆ ವೈರಸ್ ಈಗಲೂ ಇದೆ, ಆದರೆ ಹೊಸದಾಗಿ ಬಂದದ್ದಲ್ಲ. “ಈ ಹಿಂದೆ ಯಾವಾಗಲಾದರೂ ರಕ್ತ ಕೊಟ್ಟಿದ್ದೀರಾ?” ಎಂದು ಕೇಳಿದೆ. ಎಂಟು ವರ್ಷದ ಹಿಂದೆ ಒಂದು ಶಿಬಿರದಲ್ಲಿ ಕೊಟ್ಟಿದ್ದರು. ಆಮೇಲೆ ‘ಬಂದು ಭೇಟಿಯಾಗಿ’ ಎಂದು ಬ್ಲಡ್ ಬ್ಯಾಂಕಿನಿಂದ ಪತ್ರ ಬಂದಿತ್ತಂತೆ, ಹೋಗಿರಲಿಲ್ಲ. ಮನೆಯವರು ಬೀರು ಹುಡುಕಿ ಆ ಪತ್ರ ತಂದರು. ಬ್ಲಡ್ ಬ್ಯಾಂಕನ್ನು ವಿಚಾರಿಸಿದಾಗ ಅವತ್ತೂ ಸಿಪ್ಪೆ ಪಾಸಿಟಿವ್ ಇತ್ತೆಂದು ತಿಳಿಯಿತು. ಸಿಪ್ಪೆ ಆರು ತಿಂಗಳಿಗಿಂತ ಹೆಚ್ಚು ಕಾಲ ರಕ್ತದಲ್ಲಿ ಉಳಿದರೆ ಅದಕ್ಕೆ ‘ಕ್ರಾನಿಕ್’ ಎನ್ನುತ್ತಾರೆ. ಇವರದ್ದು ಕನಿಷ್ಠ ಎಂಟು ವರ್ಷ ಹಳೆಯದು.

ಮನೆಯ ಉಳಿದವರನ್ನೂ ಪರೀಕ್ಷಿಸಿದೆವು. ಹೆಂಡತಿಗೆ ಸಿಪ್ಪೆ ನೆಗೆಟಿವ್, ಸಿಪ್ಪೆಯ ಪ್ರತಿಕಾಯ ಪಾಸಿಟಿವ್, ತಿರುಳಿನ ಟೋಟಲ್ ಪಾಸಿಟಿವ್. ಅಂದರೆ ಅವರಿಗೂ ಎಂದೋ ಸೋಂಕು ತಗುಲಿ, ಗೊತ್ತೇ ಆಗದಂತೆ ಗುಣವಾಗಿದೆ. ಅವರಿಗೆ ಲಸಿಕೆ ಬೇಡ. 14 ವರ್ಷದ ಮಗನಿಗೆ ಸಿಪ್ಪೆಯ ಪ್ರತಿಕಾಯ 210, ಉಳಿದೆರಡೂ ನೆಗೆಟಿವ್. ತಿರುಳಿನ ನೆನಪೇ ಇಲ್ಲದ್ದರಿಂದ ಇದು ಲಸಿಕೆಯ ಫಲ. ಶಿಶುವಿದ್ದಾಗ ಹಾಕಿಸಿದ್ದರು. 22 ವರ್ಷದ ಮಗಳಿಗೆ ಮೂರೂ ನೆಗೆಟಿವ್, ಲಸಿಕೆ ಹಾಕಿಸಿದ ದಾಖಲೆಯೂ ಇಲ್ಲ. ಸರ್ಕಾರದ ಲಸಿಕಾ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ದೇಶದ ಎಲ್ಲ ಕಡೆ ಬಂದದ್ದು 2011ರ ಸುಮಾರಿಗೆ. ಅದಕ್ಕೂ ಮುಂಚೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಇದು ಸಿಕ್ಕಿಲ್ಲ. ಮಗಳಿಗೆ ಇವತ್ತು ಒಂದು, ತಿಂಗಳಿಗೆ ಒಂದು, ಆರನೆಯ ತಿಂಗಳಿಗೆ ಒಂದು, ಹೀಗೆ ಮೂರು ಚುಚ್ಚುಮದ್ದು ಶುರು ಮಾಡಿದೆವು. ಕೊನೆಯದಾಗಿ ಒಂದೆರಡು ತಿಂಗಳ ನಂತರ ಪ್ರತಿಕಾಯ 10 ದಾಟಿದೆಯೇ ಎಂದು ನೋಡಬೇಕು, ಏಕೆಂದರೆ ಅವಳ ಮನೆಯಲ್ಲೇ ಸೋಂಕಿರುವವರು ಇದ್ದಾರೆ.

*ಹಾಗಾದರೆ ಊರಿನ ಔಷಧಿ ಕೆಲಸ ಮಾಡಿತೇ?*

ಇಲ್ಲೇ ಬಹಳ ಜನ ಎಡವುವುದು. ದೊಡ್ಡವರಾದ ಮೇಲೆ ಈ ಸೋಂಕು ತಗುಲಿದ ಆರೋಗ್ಯವಂತರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನರ ದೇಹವೇ ವೈರಸ್ಸನ್ನು ಹೊರಹಾಕುತ್ತದೆ. ಅವರು ಸೊಪ್ಪಿನ ರಸ ಕುಡಿದರೂ ನೆಗೆಟಿವ್ ಆಗುತ್ತಾರೆ, ಬರೀ ಗಂಜಿ ಕುಡಿದರೂ ನೆಗೆಟಿವ್ ಆಗುತ್ತಾರೆ. ಕೊನೆಗೆ ಕುಡಿದದ್ದಕ್ಕೆ ಕೀರ್ತಿ. ಬಾಮೈದ ಆ ಗುಂಪಿನವರು.

ಹುಟ್ಟುವಾಗ ತಾಯಿಯಿಂದ ಸೋಂಕು ಬಂದರೆ ಲೆಕ್ಕ ತಲೆಕೆಳಗು. ಲಸಿಕೆ ಸಿಗದ ಅಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಜನರಲ್ಲಿ ವೈರಸ್ ಉಳಿದುಬಿಡುತ್ತದೆ. ಆ ಎಳೆಯ ದೇಹ ವೈರಸ್ಸನ್ನು ಶತ್ರು ಎಂದು ಗುರುತಿಸುವುದೇ ಇಲ್ಲ, ಹಾಗಾಗಿ ಕಾಮಾಲೆಯೂ ಬರುವುದಿಲ್ಲ, ಜಗಳವೂ ಇಲ್ಲ. ಯಜಮಾನರ ತಾಯಿಯನ್ನು ಊರಿನಲ್ಲಿ ಪರೀಕ್ಷೆ ಮಾಡಿಸಿದಾಗ ಅವರಿಗೂ ಸಿಪ್ಪೆ ಪಾಸಿಟಿವ್ ಬಂತು. ಐವತ್ತು ವರ್ಷ ಜೊತೆಗಿದ್ದ ವೈರಸ್ಸು ಐದು ತಿಂಗಳ ಪಥ್ಯಕ್ಕೆ ಹೋಗುವುದಿಲ್ಲ. ಇಬ್ಬರದ್ದೂ ‘ಪಾಸಿಟಿವ್’ ಎಂಬುದು ನಿಜ, ಆದರೆ ಕಾಯಿಲೆಯ ಕಥೆ ಬೇರೆ. ಆ ವ್ಯತ್ಯಾಸವನ್ನು ಹೇಳಿದ್ದು ಐಜಿಎಂ ಮತ್ತು ಬೀರುವಿನ ಹಳೆಯ ಪತ್ರ.

*‘ಕ್ಯಾರಿಯರ್’ ಎಂದರೆ ಸುಮ್ಮನಿರಬಹುದೇ?*

ಕ್ರಾನಿಕ್ ಎಂದು ಗೊತ್ತಾದ ಮೇಲೆ ಬಹಳ ಜನರಿಗೆ ಸಿಗುವ ಸಮಾಧಾನ ಇದು: “ನೀವು ಬರೀ ಕ್ಯಾರಿಯರ್, ಏನೂ ಆಗಲ್ಲ.” ಈ ಮಾತು ಕೆಲವರಿಗೆ ನಿಜ, ಕೆಲವರಿಗೆ ಅಪಾಯ. ಯಾರಿಗೆ ಯಾವುದು ಎಂಬುದನ್ನು ಈ ಮೂರು ಸಾಲು ಹೇಳಲಾರವು. ಅದಕ್ಕೆ ವೈರಸ್ಸಿನ ಪ್ರಮಾಣ ಅಳೆಯುವ ಡಿಎನ್ಎ ಪರೀಕ್ಷೆ, ‘ಎಚ್‌ಬಿಇ ಆಂಟಿಜೆನ್’, ಎಸ್‌ಜಿಪಿಟಿ, ಹೊಟ್ಟೆಯ ಸ್ಕ್ಯಾನ್, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬೇಕು. ವೈರಸ್ ಕಡಿಮೆ, ಎಸ್‌ಜಿಪಿಟಿ ನಾರ್ಮಲ್, ಲಿವರ್ ಮೆತ್ತಗಿದೆ ಎಂಬುದು ಒಂದೇ ಸಲ ಕಂಡರೆ ಸಾಲದು. ಮೊದಲ ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಮಾತ್ರ ಅವರು ಶಾಂತ ಸ್ಥಿತಿಯ ಕ್ಯಾರಿಯರ್. ಆಮೇಲೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನೋಡುತ್ತಿರಬೇಕು.

ನಮ್ಮ ಯಜಮಾನರು ಲಿವರ್ ತಜ್ಞರ ಬಳಿ ಹೋದರು. ಡಿಎನ್ಎ 41,000 ಬಂತು. ಶಾಂತ ಸ್ಥಿತಿ ಎನ್ನಲು ಅದು 2,000ಕ್ಕಿಂತ ಕಡಿಮೆ ಇರಬೇಕು. ಫೈಬ್ರೋಸ್ಕ್ಯಾನ್‌ನಲ್ಲಿ 11, ಅಂದರೆ ಲಿವರ್‌ನಲ್ಲಿ ಸದ್ದಿಲ್ಲದೆ ಕಲೆಗಟ್ಟುವುದು ಶುರುವಾಗಿತ್ತು. ಇಷ್ಟಾದರೂ ಎಸ್‌ಜಿಪಿಟಿ 38ರಲ್ಲೇ ನಿಂತಿತ್ತು, ಒಂದು ದಿನವೂ ಕಣ್ಣು ಹಳದಿಯಾಗಿರಲಿಲ್ಲ. ದಿನಕ್ಕೊಂದು ಟೆನೊಫೋವಿರ್ ಮಾತ್ರೆ ಶುರುವಾಯಿತು. ಈ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ, ಲಿವರ್ ಒಣಗುವುದನ್ನು ತಡೆಯುತ್ತದೆ. ಬಹುಪಾಲು ಜನರಲ್ಲಿ ಸಿಪ್ಪೆಯನ್ನು ನೆಗೆಟಿವ್ ಮಾಡುವುದಿಲ್ಲ, ಆ ನಿರೀಕ್ಷೆ ಬೇಡ. ‘ಚೆನ್ನಾಗಿದ್ದೇನೆ’ ಎಂದು ತಾವಾಗಿಯೇ ನಿಲ್ಲಿಸಿದರೆ ವೈರಸ್ ರಭಸದಿಂದ ಏಳಬಹುದು. ಅವರ ಆಂಜಿಯೋಗ್ರಾಂ ಮಾತ್ರ ಇದಕ್ಕಾಗಿ ಕಾಯಲಿಲ್ಲ. ಅದೇ ವಾರ ಮಾಡಿ ಒಂದು ಸ್ಟೆಂಟ್ ಹಾಕಿದೆವು. ಹೆಪಟೈಟಿಸ್ ಬಿ ಇದೆ ಎಂಬ ಒಂದೇ ಕಾರಣಕ್ಕೆ ಹೃದಯದ ಚಿಕಿತ್ಸೆ ನಿಲ್ಲಿಸಬೇಕಿಲ್ಲ.

*ರಿಪೋರ್ಟ್ ದಾರಿ ತಪ್ಪಿಸುವ ಮೂರು ಸಂದರ್ಭ*

ಮೊದಲನೆಯದು, ಲಸಿಕೆ ಹಾಕಿಸಿದ ಕೂಡಲೇ ಮಾಡಿಸಿದ ಪರೀಕ್ಷೆ. ಲಸಿಕೆಯಲ್ಲಿರುವುದೂ ಸಿಪ್ಪೆಯೇ ಆದ್ದರಿಂದ ಎರಡು ಮೂರು ವಾರ ಅದು ರಕ್ತದಲ್ಲಿ ಕಂಡು ಸುಳ್ಳು ಪಾಸಿಟಿವ್ ಬರಬಹುದು. ಲಸಿಕೆಯಾಗಿ ಒಂದು ತಿಂಗಳು ಕಳೆದ ಮೇಲೆ ಮತ್ತೆ ಮಾಡಿಸಿ. ವೀಸಾಗೋ ಹೊಸ ಕೆಲಸಕ್ಕೋ ಮೆಡಿಕಲ್ ಇದ್ದರೆ ಲಸಿಕೆಯನ್ನು ಅದರ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ.

ಎರಡನೆಯದು, ಐಜಿಎಂ ಪಾಸಿಟಿವ್ ಇದ್ದರೆ ಅದು ಹೊಸ ಸೋಂಕೇ ಎಂದು ಮುಗಿಸಿಬಿಡುವುದು. ಹಳೆಯ ಕ್ರಾನಿಕ್ ಸೋಂಕು ಒಮ್ಮೆಲೇ ಕೆರಳಿದಾಗಲೂ ಕಾಮಾಲೆ ಬರುತ್ತದೆ, ಎಸ್‌ಜಿಪಿಟಿ ಸಾವಿರ ದಾಟಬಹುದು, ಐಜಿಎಂ ಸ್ವಲ್ಪ ಪಾಸಿಟಿವ್ ಆಗಲೂಬಹುದು. ಆದ್ದರಿಂದ ಕಾಮಾಲೆ ಇಳಿದ ಮೇಲೆ ಕಡತ ಮುಚ್ಚಬೇಡಿ. ಮೊದಲ ಪಾಸಿಟಿವ್ ಬಂದ ದಿನದಿಂದ ಆರು ತಿಂಗಳಿಗೆ ಸಿಪ್ಪೆಯ ಪರೀಕ್ಷೆ ಮತ್ತೊಮ್ಮೆ ಆಗಲೇಬೇಕು. ಬಾಮೈದ ಆ ಎರಡನೆಯ ಪರೀಕ್ಷೆ ಮಾಡಿಸಿದ್ದರಿಂದಲೇ ಅವರು ಗುಣವಾದದ್ದು ನಮಗೆ ಖಚಿತವಾಯಿತು. ಕಾಮಾಲೆಯ ನಡುವೆ ಮಂಪರು, ತಡವರಿಸುವ ಮಾತು, ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಅದು ಲಿವರ್ ಸೋಲುತ್ತಿರುವ ಲಕ್ಷಣ. ಅವತ್ತೇ ಆಸ್ಪತ್ರೆಗೆ ಸೇರಿಸಬೇಕು.

ಮೂರನೆಯದು, ತಿರುಳಿನ ಟೋಟಲ್ ಮಾತ್ರ ಪಾಸಿಟಿವ್, ಉಳಿದೆರಡೂ ನೆಗೆಟಿವ್. ಹಲವರಲ್ಲಿ ಇದು ಎಂದೋ ಗುಣವಾದ ಸೋಂಕು, ಕಾಲ ಕಳೆದಂತೆ ಸಿಪ್ಪೆಯ ಪ್ರತಿಕಾಯ ಕರಗಿರುತ್ತದೆ. ಕೆಲವರಲ್ಲಿ ಹೊಸ ಸೋಂಕಿನ ಸಿಪ್ಪೆ ಈಗಷ್ಟೇ ಮರೆಯಾಗಿ ಪ್ರತಿಕಾಯ ಇನ್ನೂ ಬಾರದ ನಡುಗಾಲ. ಅಪರೂಪಕ್ಕೆ ವೈರಸ್ ಅಲ್ಪ ಪ್ರಮಾಣದಲ್ಲಿ ಅಡಗಿರಬಹುದು, ಇಲ್ಲವೇ ಪರೀಕ್ಷೆಯೇ ತಪ್ಪಿರಬಹುದು. ಐಜಿಎಂ, ಬೇಕಾದರೆ ಡಿಎನ್ಎ ನೋಡಿ ಡಾಕ್ಟರು ಬಿಡಿಸಬೇಕಾದ ಗಂಟು ಇದು.

ಇನ್ನೊಂದು ಮಾತು, ಈ ಮನೆಯ ಹೆಂಡತಿಯಂತೆ ಗುಣವಾದವರಿಗೆ. ಸಿಪ್ಪೆ ಹೋದರೂ ವೈರಸ್ಸಿನ ಬೀಜ ಲಿವರ್‌ನ ಕಣಗಳಲ್ಲಿ ಮಲಗಿರುತ್ತದೆ. ದಿನನಿತ್ಯ ಅದರಿಂದ ತೊಂದರೆಯಿಲ್ಲ. ಆದರೆ ಮುಂದೆಂದಾದರೂ ಕ್ಯಾನ್ಸರಿಗೆ ಕಿಮೋ, ದೀರ್ಘಕಾಲದ ಸ್ಟೀರಾಯ್ಡ್, ರೋಗನಿರೋಧಕ ಶಕ್ತಿ ಕುಗ್ಗಿಸುವ ಚುಚ್ಚುಮದ್ದು ಬೇಕಾದರೆ “ನನಗೆ ತಿರುಳಿನ ಪ್ರತಿಕಾಯ ಪಾಸಿಟಿವ್ ಇದೆ” ಎಂದು ಮೊದಲೇ ಹೇಳಿ. ಆಗ ಅದು ಎಚ್ಚರಗೊಳ್ಳದಂತೆ ಮುಂಜಾಗ್ರತೆಯ ಮಾತ್ರೆ ಕೊಡಲು ಸಾಧ್ಯ.

*ಮನೆಯಲ್ಲಿ ಒಬ್ಬರಿಗೆ ಬಂದರೆ*

ತಟ್ಟೆ ಬೇರೆ ಇಡಬೇಡಿ, ಹಾಸಿಗೆ ಬೇರೆ ಮಾಡಬೇಡಿ. ಒಟ್ಟಿಗೆ ಉಣ್ಣುವುದರಿಂದ, ತಬ್ಬಿಕೊಳ್ಳುವುದರಿಂದ, ಕೆಮ್ಮಿನಿಂದ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ. ಬೇರೆ ಇಡಬೇಕಾದದ್ದು ರೇಜರ್, ಟೂತ್‌ಬ್ರಷ್, ಉಗುರು ಕತ್ತರಿಸುವ ಕಟರ್. ಗಂಡ ಹೆಂಡತಿ, ಮಕ್ಕಳು, ತಾಯಿ, ಒಡಹುಟ್ಟಿದವರು ಎಲ್ಲರೂ ಮೂರೂ ಸಾಲು ಮಾಡಿಸಬೇಕು. ಗರ್ಭಿಣಿಗೆ ಸಿಪ್ಪೆ ಪಾಸಿಟಿವ್ ಇದ್ದರೆ ಹೆರಿಗೆಯ ಆಸ್ಪತ್ರೆಗೆ ಮೊದಲೇ ತಿಳಿಸಿ. ಮಗುವಿಗೆ ಮೊದಲ ಲಸಿಕೆಯನ್ನೂ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದನ್ನೂ ಹುಟ್ಟಿದ 12 ಗಂಟೆಯೊಳಗೆ ಕೊಡುವುದು ಒಳ್ಳೆಯದು. ಹೆರಿಗೆಗೆ ತವರಿಗೆ ಹೋಗುವವರು ಆ ಊರಿನಲ್ಲಿ ಇವೆರಡೂ ಸಿಗುತ್ತವೆಯೇ ಎಂದು ಎಂಟನೆಯ ತಿಂಗಳಲ್ಲೇ ವಿಚಾರಿಸಿಕೊಳ್ಳಿ.

ಖರ್ಚಿನ ಬಗ್ಗೆ ಚಿಂತೆಯಿದ್ದರೆ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಮಾತ್ರೆ ಉಚಿತ. ನೀವಿರುವ ನಗರದ ಸರ್ಕಾರಿ ಮೆಡಿಕಲ್ ಕಾಲೇಜು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಈ ಕೇಂದ್ರ ಎಲ್ಲಿದೆ ಎಂದು ಕೇಳಿ.

ಕೊನೆಗೆ ಒಂದು ಕೆಲಸ. ಹಳೆಯ ರಕ್ತದಾನದ ಪತ್ರ, ಹೆರಿಗೆಯ ಫೈಲು, ಇನ್ಶೂರೆನ್ಸ್ ಮೆಡಿಕಲ್, ಆಪರೇಷನ್‌ನ ಡಿಸ್ಚಾರ್ಜ್ ಕಾಗದ, ಇವುಗಳಲ್ಲಿ ಸಿಪ್ಪೆಯ ಪರೀಕ್ಷೆಯ ಫಲಿತಾಂಶ ಇರುವ ಪುಟವನ್ನು ತಾರೀಕು ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಒಂದು ಪಾಸಿಟಿವ್ ಬಂದರೆ ‘ಹೊಸದೋ ಹಳೆಯದೋ’ ಎಂಬ ಪ್ರಶ್ನೆಗೆ ಆರು ತಿಂಗಳು ಕಾಯದೆ ಅವತ್ತೇ ಉತ್ತರ ಕೊಡಬಲ್ಲದ್ದು ಆ ಹಳೆಯ ಕಾಗದ.